ಜಿಮ್ ಶುಲ್ಕ ತಿಂಗಳಿಗೋ, ಮೂರು ತಿಂಗಳಿಗೋ, ವರ್ಷಕ್ಕೋ? ಕಾಸರಗೋಡಿನವರಿಗೊಂದು ಲೆಕ್ಕ

ಕುಂಬಳೆ, ಉಪ್ಪಳ, ಬದಿಯಡ್ಕ, ಕಾಸರಗೋಡು ಪೇಟೆ, ಎಲ್ಲಿಯ ಜಿಮ್ಮಿಗೆ ಹೋದರೂ ಮೇಜಿನ ಮೇಲೆ ಮೂರು ಸಾಲಿನ ದರಪಟ್ಟಿ ಇರುತ್ತದೆ. ತಿಂಗಳಿಗೆ ಇಷ್ಟು, ಮೂರು ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು. ಅದರ ಕೆಳಗೆ ಸಣ್ಣಕ್ಷರದಲ್ಲಿ ಪ್ರವೇಶ ಶುಲ್ಕ. ಪಟ್ಟಿ ತೋರಿಸುವವರು ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಇಷ್ಟೇ ಬೀಳುತ್ತದೆ ಎನ್ನುತ್ತಾರೆ. ಆ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಜಿಮ್ಮಿನಲ್ಲಿ ನಾವು ಕೊಳ್ಳುವುದು ತಿಂಗಳುಗಳನ್ನಲ್ಲ, ಒಳಗೆ ಹೋಗಿ ಬೆವರು ಸುರಿಸುವ ದಿನಗಳನ್ನು. ಭಾಗಿಸಬೇಕಾದದ್ದು ಆ ದಿನಗಳಿಂದ.

ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿರುವ ನನ್ನ ಬಳಿಗೆ ಅಕ್ಕನ ಮಗ ಇಂಥದೊಂದು ದರಪಟ್ಟಿಯ ಫೋಟೊ ಕಳುಹಿಸಿದ್ದ. "ಮಾವ, ವರ್ಷದ್ದೇ ಲಾಭ ಅಲ್ಲವೇ?" ಎಂದು ಕೇಳಿದ್ದ. ಅವನ ಲೆಕ್ಕವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡು ಹಂತ ಹಂತವಾಗಿ ಬಿಡಿಸುತ್ತೇನೆ. ನಿಮ್ಮ ಊರಿನ ಜಿಮ್ಮಿನ ದರ ಬೇರೆ ಇರಬಹುದು. ಸಂಖ್ಯೆಗಳನ್ನು ಬದಲಿಸಿಕೊಂಡು ಇದೇ ದಾರಿಯಲ್ಲಿ ಹೋದರೆ ಸಾಕು.

ಮೊದಲ ಹಂತ: ಕೈಯಿಂದ ಹೋಗುವ ಪೂರ್ತಿ ಹಣವನ್ನು ಬರೆದುಕೊಳ್ಳಿ

ಅವನು ಕಳುಹಿಸಿದ ಪಟ್ಟಿಯಲ್ಲಿ ಇದ್ದದ್ದು ಹೀಗೆ. ತಿಂಗಳಿಗೆ 1,200 ರೂಪಾಯಿ, ಮೂರು ತಿಂಗಳಿಗೆ 3,000 ರೂಪಾಯಿ, ವರ್ಷಕ್ಕೆ 9,000 ರೂಪಾಯಿ. ಪ್ರವೇಶ ಶುಲ್ಕ 1,000 ರೂಪಾಯಿ, ವರ್ಷದ ಹಣ ಒಟ್ಟಿಗೆ ಕಟ್ಟುವವರಿಗೆ ಅದು ಮಾಫಿ.

ಇದನ್ನು ನಂಬಿ ಲೆಕ್ಕಕ್ಕೆ ಇಳಿಯುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಮೊದಲನೆಯದು, ಟ್ರೆಡ್‌ಮಿಲ್ ಮತ್ತು ಸೈಕಲ್ ಈ ಹಣದಲ್ಲಿ ಸೇರಿವೆಯೇ? ಸಣ್ಣ ಊರುಗಳ ಹಲವು ಜಿಮ್‌ಗಳಲ್ಲಿ ಭಾರ ಎತ್ತುವ ವಿಭಾಗಕ್ಕೆ ಒಂದು ದರ, ಕಾರ್ಡಿಯೊ ಸೇರಿದರೆ ಇನ್ನೊಂದು ದರ ಇರುತ್ತದೆ. ಪಟ್ಟಿಯಲ್ಲಿ ಕಾಣುವುದು ಕಡಿಮೆಯ ದರ. ಕಾರ್ಡಿಯೊ ಬೇಕು ಎಂದು ಮೂರನೆಯ ವಾರದಲ್ಲಿ ಹೇಳಿದರೆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಎರಡನೆಯದು ಜಿಎಸ್‌ಟಿ. ಜಿಮ್ ಸೇವೆಗೆ ಮೊದಲು ಶೇ. 18 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. ದರಪಟ್ಟಿಯ ಮೊತ್ತದ ಮೇಲೆ ತೆರಿಗೆ ಬೇರೆ ಇದ್ದರೆ 9,000 ಎನ್ನುವುದು 9,450 ಆಗುತ್ತದೆ. ಹಳೆಯ ದರದಂತೆ ಶೇ. 18 ಸೇರಿಸಿದರೆ 10,620 ಆಗುತ್ತದೆ, ಅದನ್ನು ಕೊಡಬೇಕಾಗಿಲ್ಲ. ಇನ್ನೊಂದು ಮಾತು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಜಿಮ್ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಮತ್ತು ನೋಂದಣಿ ಇಲ್ಲದವರು ಗ್ರಾಹಕರಿಂದ ಆ ತೆರಿಗೆಯನ್ನು ವಸೂಲು ಮಾಡುವಂತೆಯೂ ಇಲ್ಲ. ಹಾಗಾಗಿ ತೆರಿಗೆ ಎಂದು ಬರೆದಿದ್ದರೆ ಬಿಲ್ಲಿನಲ್ಲಿ ಹದಿನೈದು ಅಕ್ಷರಗಳ ನೋಂದಣಿ ಸಂಖ್ಯೆ ಇದೆಯೇ ನೋಡಿ. ಕೇರಳದ್ದು 32ರಿಂದ ಆರಂಭವಾಗುತ್ತದೆ. ತಲಪಾಡಿ ದಾಟಿ ಮಂಗಳೂರಿನಲ್ಲಿ ಸೇರುವವರಿಗೆ ಅದು 29ರಿಂದ ಆರಂಭವಾಗುತ್ತದೆ. ಸಂಖ್ಯೆ ಇಲ್ಲ, ತೆರಿಗೆ ಮಾತ್ರ ಇದೆ ಎಂದಾದರೆ ಆ ಸಾಲನ್ನು ತೆಗೆಯಲು ಹೇಳಿ.

ನಮ್ಮ ಉದಾಹರಣೆಯ ಜಿಮ್ಮಿನಲ್ಲಿ ತೆರಿಗೆಯೂ ಕಾರ್ಡಿಯೊವೂ ಒಳಗೇ ಇದ್ದವು. ಹನ್ನೆರಡು ತಿಂಗಳು ಬಿಡದೆ ಹೋದರೆ ತಿಂಗಳ ಲೆಕ್ಕದಲ್ಲಿ 14,400, ಮೇಲೆ ಪ್ರವೇಶ ಶುಲ್ಕ ಸೇರಿ 15,400. ಮೂರು ತಿಂಗಳ ಲೆಕ್ಕದಲ್ಲಿ ನಾಲ್ಕು ಕಂತು 12,000, ಪ್ರವೇಶ ಶುಲ್ಕ ಸೇರಿ 13,000. ವರ್ಷದ್ದು 9,000. ಇಷ್ಟನ್ನೇ ನೋಡಿದರೆ ವರ್ಷದ ಯೋಜನೆಯ ಮುಂದೆ ಉಳಿದವು ನಿಲ್ಲುವುದೇ ಇಲ್ಲ. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ದಿನ ಹೋಗುತ್ತೇನೆ ಎಂದು ಹುಡುಗ ಹೇಳಿದ್ದ. 9,000ವನ್ನು 260ರಿಂದ ಭಾಗಿಸಿದರೆ ಒಂದು ಭೇಟಿಗೆ 35 ರೂಪಾಯಿ. ಅವನ ಕಣ್ಣು ಅರಳಿದ್ದು ಈ 35 ರೂಪಾಯಿಯನ್ನು ನೋಡಿಯೇ.

ಎರಡನೆಯ ಹಂತ: ನಿಮ್ಮ ಕ್ಯಾಲೆಂಡರ್ ತೆಗೆದು ಭೇಟಿಗಳನ್ನು ಎಣಿಸಿ

ಸೇರುವ ದಿನ ಹೇಳುವ ಸಂಖ್ಯೆ ಮತ್ತು ನಿಜವಾಗಿ ಹೋಗುವ ಸಂಖ್ಯೆ ಎರಡೂ ಬೇರೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ ಹಾಜರಿ ದಾಖಲೆಗಳನ್ನು ನೋಡಿ 2006ರಲ್ಲಿ ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟುತ್ತಿದ್ದ ಸದಸ್ಯರು ಸರಾಸರಿ ಹೋಗುತ್ತಿದ್ದದ್ದು ತಿಂಗಳಿಗೆ ನಾಲ್ಕು ಚಿಲ್ಲರೆ ಸಲ. ಹಾಗಾಗಿ ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ಬೀಳುತ್ತಿತ್ತು. ಅದೇ ಕ್ಲಬ್ಬಿನಲ್ಲಿ ಭೇಟಿಗೆ 10 ಡಾಲರಿನ ಚೀಟಿ ಸಿಗುತ್ತಿದ್ದಾಗಲೂ ಹೀಗೆ. ಅವರೇನೂ ಸೋಮಾರಿಗಳಲ್ಲ. ಮುಂದಿನ ತಿಂಗಳುಗಳಲ್ಲಿ ತಾವು ಹೇಗಿರುತ್ತೇವೆ ಎಂಬುದನ್ನು ಸೇರುವ ದಿನದ ಉತ್ಸಾಹದಲ್ಲಿ ಲೆಕ್ಕ ಹಾಕಿದ್ದರು, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ತಪ್ಪುವುದಕ್ಕೆ ಇಲ್ಲಿಯದೇ ಆದ ಕಾರಣಗಳಿವೆ. ಜೂನಿನಿಂದ ಮಳೆ ಹಿಡಿಯಿತೆಂದರೆ ಸಂಜೆ ಬೈಕಿನಲ್ಲಿ ಹೊರಡುವುದು ಕಷ್ಟ. ಅಡಿಕೆ ತೋಟ ಇದ್ದವರಿಗೆ ಮಳೆಗೆ ಮುನ್ನ ಒಮ್ಮೆ, ಮಳೆಯ ನಡುವೆ ಬಿಸಿಲು ಬಿದ್ದ ದಿನ ನೋಡಿ ಮತ್ತೊಮ್ಮೆ ಮದ್ದು ಬಿಡುವ ಕೆಲಸ ಬರುತ್ತದೆ. ಆಟಿ ತಿಂಗಳಿನಲ್ಲಿ ಆಯುರ್ವೇದ ಚಿಕಿತ್ಸೆಗೆ ಕುಳಿತರೆ ವ್ಯಾಯಾಮವೇ ಬೇಡ ಎನ್ನುತ್ತಾರೆ ವೈದ್ಯರು. ಉಪವಾಸ ಹಿಡಿಯುವವರಿಗೆ ರಂಜಾನ್ ತಿಂಗಳು ಹೆಚ್ಚುಕಡಿಮೆ ಖಾಲಿ ಹೋಗುತ್ತದೆ, ಅಥವಾ ಜಿಮ್ ರಾತ್ರಿ ತಡವಾಗಿ ತೆರೆದಿದ್ದರೆ ಮಾತ್ರ ಉಳಿಯುತ್ತದೆ. ನವೆಂಬರಿನಿಂದ ಮೇ ವರೆಗೆ ಯಕ್ಷಗಾನ, ಕೋಲ, ಜಾತ್ರೆ. ಏಪ್ರಿಲ್-ಮೇಯಲ್ಲಿ ಮದುವೆಗಳು. ಈ ಒಂದೊಂದೂ ನಿಮಗೆ ಅನ್ವಯಿಸಬೇಕೆಂದಿಲ್ಲ. ಆದರೆ ಒಂದೆರಡಾದರೂ ಅನ್ವಯಿಸದ ಮನೆ ಇಲ್ಲ.

ಆದ್ದರಿಂದ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ, ಪೆನ್ಸಿಲ್ ಹಿಡಿದು, ಸೇರುವ ತಿಂಗಳಿನಿಂದ ಆರಂಭಿಸಿ ಹನ್ನೆರಡು ತಿಂಗಳಿಗೂ ಒಂದೊಂದು ಸಂಖ್ಯೆ ಬರೆಯಿರಿ. ಆಸೆಯನ್ನು ಬರೆಯಬೇಡಿ. ಹಿಂದೆ ಇಂಥದೇ ಒಂದಕ್ಕೆ ಸೇರಿದ್ದಾಗ ಏನಾಗಿತ್ತು ಎಂದು ನೆನಪಿಸಿಕೊಂಡು ಬರೆಯಿರಿ. ಬೆಳಗಿನ ನಡಿಗೆಯಾಗಲಿ, ಯೋಗ ತರಗತಿಯಾಗಲಿ, ಎಷ್ಟು ವಾರ ನಡೆಯಿತು, ಯಾವ ತಿಂಗಳಿನಲ್ಲಿ ನಿಂತಿತು? ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ನನ್ನ ಅಳಿಯ ಕುಂಬಳೆಯ ಸಮೀಪದವನು. ದಿನವೂ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿಯ ಹೊತ್ತಿಗೆ ಹಿಂದಿರುಗುತ್ತಾನೆ. ಶನಿವಾರ ರಾತ್ರಿಗಳಲ್ಲಿ ಹವ್ಯಾಸಿ ತಂಡಕ್ಕೆ ಮದ್ದಳೆ ನುಡಿಸಲು ಹೋಗುತ್ತಾನೆ, ಭಾನುವಾರ ಜಿಮ್ ಮುಚ್ಚಿರುತ್ತದೆ. ಹಿಂದಿನ ವರ್ಷ ಶಟಲ್ ಆಡಲು ಒಳಾಂಗಣ ಅಂಕಣಕ್ಕೆ ಹಣ ಕಟ್ಟಿದ್ದ. ಚಳಿಗಾಲದಲ್ಲಿ ಚೆನ್ನಾಗಿಯೇ ಹೋದವನು ಮಳೆಗಾಲದ ಎರಡು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ಇದನ್ನೆಲ್ಲ ಎದುರಿಗಿಟ್ಟುಕೊಂಡು ಅವನೇ ಬರೆದ ಸಂಖ್ಯೆಗಳಿವು. ಸೆಪ್ಟೆಂಬರ್ 16, ಅಕ್ಟೋಬರ್ 15, ನವೆಂಬರ್ 12, ಡಿಸೆಂಬರ್ 12, ಜನವರಿ 10, ಫೆಬ್ರವರಿ 6. ಇಲ್ಲಿಗೆ 71. ಆಮೇಲೆ ಮಾರ್ಚ್ 4, ಏಪ್ರಿಲ್ 3, ಮೇ 3, ಜೂನ್ ಮತ್ತು ಜುಲೈ ಸೊನ್ನೆ, ಆಗಸ್ಟ್ 5. ಈ ಆರು ತಿಂಗಳು ಸೇರಿ 15. ವರ್ಷಕ್ಕೆ 86.

260 ಎಂದವನು 86ಕ್ಕೆ ಬಂದಾಗ ಸ್ವಲ್ಪ ಪೆಚ್ಚಾದ. ಪೆಚ್ಚಾಗುವಂಥದ್ದೇನೂ ಇಲ್ಲ. ಕೆಲಸ, ರೈಲು, ಮದ್ದಳೆ ಎಲ್ಲದರ ನಡುವೆ ವರ್ಷಕ್ಕೆ 86 ದಿನ ವ್ಯಾಯಾಮ ಮಾಡುವುದು ಸಣ್ಣ ಸಂಗತಿಯಲ್ಲ. ಆ 86 ದಿನಗಳಿಗೆ ಎಷ್ಟು ಹಣ ಕೊಡುವುದು ಎಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಮೂರನೆಯ ಹಂತ: ಭೇಟಿಯ ಬೆಲೆ, ಮತ್ತು ಹೆಚ್ಚುವರಿ ಭೇಟಿಯ ಬೆಲೆ

ವರ್ಷದ ಯೋಜನೆಯ 9,000ವನ್ನು 86ರಿಂದ ಭಾಗಿಸಿದರೆ ಒಂದು ಭೇಟಿಗೆ 105 ರೂಪಾಯಿ. 35 ಎಂದದ್ದು ಮೂರು ಪಟ್ಟಾಯಿತು.

ಈಗ ಮೂರು ತಿಂಗಳ ಯೋಜನೆಯನ್ನು ಎರಡೇ ಸಲ ತೆಗೆದುಕೊಂಡು ಫೆಬ್ರವರಿಗೆ ನಿಲ್ಲಿಸಿದರೆ ಏನಾಗುತ್ತದೆ? ಎರಡು ಕಂತು 6,000, ಪ್ರವೇಶ ಶುಲ್ಕ 1,000, ಒಟ್ಟು 7,000. ಭೇಟಿಗಳು 71. ಒಂದಕ್ಕೆ 99 ರೂಪಾಯಿ. ತಿಂಗಳ ಲೆಕ್ಕದಲ್ಲಿ ಜನವರಿಯವರೆಗೆ ಐದು ತಿಂಗಳು ಹೋದರೂ ಖರ್ಚು 7,000ವೇ, ಭೇಟಿ 65, ಒಂದಕ್ಕೆ 108 ರೂಪಾಯಿ.

ಸರಾಸರಿ ನೋಡಿದರೆ ಮೂರೂ ಅಕ್ಕಪಕ್ಕದಲ್ಲೇ ಇವೆ. ಇಲ್ಲಿಗೇ ಲೆಕ್ಕ ನಿಲ್ಲಿಸಿದವರು, ಆರು ರೂಪಾಯಿಗೆ ಏಕೆ ತಲೆ ಕೆಡಿಸಿಕೊಳ್ಳುವುದು, ವರ್ಷದ್ದೇ ಇರಲಿ ಎಂದು ಬಿಡುತ್ತಾರೆ. ಸರಾಸರಿಯ ಒಳಗೆ ಅಡಗಿರುವ ಇನ್ನೊಂದು ಸಂಖ್ಯೆಯನ್ನು ಹೊರಗೆ ತೆಗೆಯಬೇಕು. ಎರಡು ಕಂತಿನ 7,000ಕ್ಕೂ ವರ್ಷದ 9,000ಕ್ಕೂ ವ್ಯತ್ಯಾಸ 2,000 ರೂಪಾಯಿ. ಆ 2,000ಕ್ಕೆ ಸಿಗುವುದು ಮಾರ್ಚ್‌ನಿಂದ ಆಗಸ್ಟ್‌ವರೆಗಿನ 15 ಭೇಟಿಗಳು ಮಾತ್ರ. ಒಂದೊಂದಕ್ಕೆ 133 ರೂಪಾಯಿ. ವರ್ಷದ ಯೋಜನೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದು ಈ 133ನ್ನು ನೋಡಿ. ಮೊದಲ ಆರು ತಿಂಗಳ ಭೇಟಿಗಳು ಎರಡೂ ದಾರಿಯಲ್ಲಿ ಸಿಗುತ್ತವೆ, ಅವುಗಳ ಬಗ್ಗೆ ಪ್ರಶ್ನೆಯೇ ಇಲ್ಲ.

ಇದೇ ಲೆಕ್ಕ ಇನ್ನೊಬ್ಬರಿಗೆ ತಿರುಗಿ ಬೀಳುತ್ತದೆ. ಕಾಸರಗೋಡು ಪೇಟೆಯಲ್ಲೇ ಮನೆ ಇದ್ದು, ಜಿಮ್ಮಿಗೆ ಐದು ನಿಮಿಷ ನಡೆದರೆ ಸಾಕಾಗುವ ಶಿಕ್ಷಕಿಯೊಬ್ಬರು ಎರಡನೆಯ ಆರು ತಿಂಗಳಿನಲ್ಲೂ ತಿಂಗಳಿಗೆ ಎಂಟು ದಿನ ಹೋಗುವವರಾದರೆ ಹೆಚ್ಚುವರಿ ಭೇಟಿಗಳು 48. 2,000ವನ್ನು 48ರಿಂದ ಭಾಗಿಸಿದರೆ 42 ರೂಪಾಯಿ. ಅವರಿಗೆ ವರ್ಷದ ಯೋಜನೆಯೇ ಸರಿ, ಎರಡನೆಯ ಮಾತೇ ಇಲ್ಲ.

ಕ್ಯಾಲೆಂಡರ್ ತುಂಬಲು ಬೇಸರವಾದರೆ ಒಂದು ಅಡ್ಡದಾರಿ ಇದೆ. ತಿಂಗಳ ಲೆಕ್ಕದಲ್ಲಿ ಎಷ್ಟನೆಯ ತಿಂಗಳಿಗೆ ವರ್ಷದ ಮೊತ್ತವನ್ನು ದಾಟುತ್ತೇವೆ ಎಂದು ನೋಡಿ. ಇಲ್ಲಿ ಆರು ತಿಂಗಳಿಗೆ 8,200, ಏಳು ತಿಂಗಳಿಗೆ 9,400. ಅಂದರೆ ಏಳು ತಿಂಗಳು ಖಂಡಿತ ಹೋಗುತ್ತೇನೆ ಎನ್ನುವವರಿಗೆ ಮಾತ್ರ ವರ್ಷದ್ದು ತಿಂಗಳಿನದ್ದಕ್ಕಿಂತ ಅಗ್ಗ. ಮೂರು ತಿಂಗಳ ಯೋಜನೆಯೊಂದಿಗೆ ಹೋಲಿಸಿದರೆ, ಮೂರನೆಯ ಕಂತಿಗೆ 10,000 ಆಗಿ ವರ್ಷದ ಮೊತ್ತವನ್ನು ದಾಟುತ್ತದೆ. ಏಳನೆಯ ತಿಂಗಳು ಎಂಬ ಗೆರೆ ಎರಡರಲ್ಲೂ ಒಂದೇ ಕಡೆ ಬೀಳುತ್ತದೆ. ಸೆಪ್ಟೆಂಬರಿನಲ್ಲಿ ಸೇರಿದವರಿಗೆ ಏಳನೆಯ ತಿಂಗಳು ಮಾರ್ಚ್. ಜನವರಿ ಒಂದರ ಸಂಕಲ್ಪದೊಂದಿಗೆ ಸೇರಿದವರಿಗೆ ಅದು ಜುಲೈ, ನಡು ಮಳೆಗಾಲ. ನಮ್ಮಲ್ಲಿ ಜನವರಿಯಲ್ಲಿ ವರ್ಷದ ಹಣ ಕಟ್ಟುವುದು ಏಕೆ ಅಷ್ಟು ಸಲ ನಷ್ಟವಾಗುತ್ತದೆ ಎಂಬುದಕ್ಕೆ ಈ ಒಂದು ಗೆರೆಯೇ ಕಾರಣ.

ದೂರವನ್ನೂ ಭೇಟಿಯ ಬೆಲೆಗೆ ಸೇರಿಸಿ. ಕೇರಳದಲ್ಲಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 2022ರಿಂದ 10 ರೂಪಾಯಿ. ಬಸ್ಸಿನಲ್ಲಿ ಹೋಗಿ ಬರುವವರಿಗೆ ಪ್ರತಿ ಭೇಟಿಗೆ ಕನಿಷ್ಠ 20 ರೂಪಾಯಿ ಮೇಲೆ ಬೀಳುತ್ತದೆ. ನಡೆದು ಹೋಗುವ ದೂರದ ಜಿಮ್ ವರ್ಷಕ್ಕೆ ಒಂದೂವರೆ ಸಾವಿರ ದುಬಾರಿಯಾಗಿದ್ದರೂ 86 ಭೇಟಿಗಳಿಗೆ ಅದು ಸಮವಾಗಿ ಬಿಡುತ್ತದೆ, ಮಳೆಯಲ್ಲಿ ನಿಲ್ಲುವ ಸಂಭವವೂ ಕಡಿಮೆ.

ನಾಲ್ಕನೆಯ ಹಂತ: ಪ್ರವೇಶ ಶುಲ್ಕ ಯಾವಾಗ ಮತ್ತೆ ಬರುತ್ತದೆ ಎಂದು ಕೇಳಿ

ಪ್ರವೇಶ ಶುಲ್ಕ ಒಮ್ಮೆ ಕೊಟ್ಟರೆ ಮುಗಿಯಿತು ಎಂದು ನಾವು ತಿಳಿದುಕೊಳ್ಳುತ್ತೇವೆ. ಹೆಚ್ಚಿನ ಕಡೆ ಅದಕ್ಕೊಂದು ಅವಧಿ ಇರುತ್ತದೆ. ಇಂತಿಷ್ಟು ತಿಂಗಳು ಹಣ ಕಟ್ಟದೆ ಬಿಟ್ಟರೆ ಹೊಸಬರ ಹಾಗೆ ಮತ್ತೆ ಕಟ್ಟಬೇಕು. ನಮ್ಮ ಉದಾಹರಣೆಯ ಜಿಮ್ಮಿನಲ್ಲಿ ಆ ಅವಧಿ ಮೂರು ತಿಂಗಳು. ಫೆಬ್ರವರಿಗೆ ನಿಲ್ಲಿಸಿ ಸೆಪ್ಟೆಂಬರಿಗೆ ಹಿಂದಿರುಗುವ ನನ್ನ ಅಳಿಯ ಪ್ರತಿ ವರ್ಷವೂ 1,000 ತೆರಬೇಕಾಗುತ್ತದೆ. ಹಾಗೆ ತೆತ್ತರೂ ಅವನಿಗೆ ವರ್ಷಕ್ಕೆ 7,000ವೇ, 9,000ಕ್ಕಿಂತ ಕಡಿಮೆಯೇ. ಆದರೆ ಮಧ್ಯೆ ಮಧ್ಯೆ ಬಿಟ್ಟು ವರ್ಷದಲ್ಲಿ ಎರಡು ಸಲ ಹೊಸದಾಗಿ ಸೇರುವವರಿಗೆ ಈ ಶುಲ್ಕವೇ ತಿಂಗಳ ಯೋಜನೆಯ ಅನುಕೂಲವನ್ನು ನುಂಗುತ್ತದೆ. "ಎಷ್ಟು ದಿನ ಬಿಟ್ಟರೆ ಪ್ರವೇಶ ಶುಲ್ಕ ಮತ್ತೆ ಕೊಡಬೇಕು?" ಎಂಬುದನ್ನು ನೇರವಾಗಿ ಕೇಳಿ. ಚೌಕಾಸಿ ಮಾಡುವುದಾದರೂ ಇದರ ಮೇಲೆಯೇ ಮಾಡಿ. ತಿಂಗಳ ದರವನ್ನು ಯಾರೂ ಸುಲಭಕ್ಕೆ ಇಳಿಸುವುದಿಲ್ಲ. ಪ್ರವೇಶ ಶುಲ್ಕವನ್ನು ಅರ್ಧಕ್ಕೆ ಇಳಿಸುವುದು, ಇಬ್ಬರು ಒಟ್ಟಿಗೆ ಬಂದರೆ ಬಿಡುವುದು ಸಾಮಾನ್ಯ.

ಗಲ್ಫಿನಿಂದ ಎರಡು ತಿಂಗಳ ರಜೆಗೆ ಬಂದವರ ವಿಷಯ ಬೇರೆ. ಅವರಿಗೆ ಎರಡು ತಿಂಗಳ ಶುಲ್ಕ 2,400, ಪ್ರವೇಶ ಶುಲ್ಕ ಸೇರಿ 3,400. ಮೂರು ತಿಂಗಳ ಯೋಜನೆ 4,000 ಆಗುತ್ತದೆ, ಬೇಡ. ದಿನದ ಲೆಕ್ಕದಲ್ಲಿ ಬಿಡುವ ಜಿಮ್ ಇದ್ದು ದಿನಕ್ಕೆ 150 ಕೇಳಿದರೆ, ಇಪ್ಪತ್ತೆರಡು ದಿನಗಳವರೆಗೆ ಅದೇ ಅಗ್ಗ.

ಐದನೆಯ ಹಂತ: ಫ್ರೀಜ್ ಸೌಲಭ್ಯವನ್ನು ರಿಯಾಯಿತಿಗಿಂತ ಮೇಲೆ ಇಡಿ

ಸದಸ್ಯತ್ವವನ್ನು ಕೆಲವು ದಿನ ತಡೆಹಿಡಿದು, ಅಷ್ಟು ದಿನಗಳನ್ನು ಕೊನೆಗೆ ಸೇರಿಸುವುದಕ್ಕೆ ಜಿಮ್‌ಗಳಲ್ಲಿ ಫ್ರೀಜ್ ಎನ್ನುತ್ತಾರೆ. ದರಪಟ್ಟಿಯಲ್ಲಿ ಇದು ಕಾಣಿಸುವುದಿಲ್ಲ, ಕೇಳಿದವರಿಗಷ್ಟೇ ಹೇಳುತ್ತಾರೆ. ಮಳೆಗಾಲ ಇಷ್ಟು ಗಟ್ಟಿಯಾಗಿರುವ ನಮ್ಮ ಕರಾವಳಿಯಲ್ಲಿ ಇದರಷ್ಟು ಬೆಲೆಯುಳ್ಳ ಸೌಲಭ್ಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಸಂಖ್ಯೆಯಲ್ಲೇ ತೋರಿಸುತ್ತೇನೆ.

ಅಳಿಯನ ಕ್ಯಾಲೆಂಡರಿನಲ್ಲಿ ಜೂನ್, ಜುಲೈ ಎರಡೂ ಸೊನ್ನೆ. ಆ ಎರಡು ತಿಂಗಳನ್ನು ಫ್ರೀಜ್ ಮಾಡಲು ಜಿಮ್ ಒಪ್ಪಿದರೆ ವರ್ಷದ ಯೋಜನೆ ಆಗಸ್ಟಿಗೆ ಮುಗಿಯದೆ ಅಕ್ಟೋಬರ್ ಕೊನೆಯವರೆಗೆ ಹೋಗುತ್ತದೆ. ಸೊನ್ನೆಯ ಎರಡು ತಿಂಗಳ ಬದಲಿಗೆ ಅವನ ಅತ್ಯುತ್ತಮ ಎರಡು ತಿಂಗಳು ಬರುತ್ತವೆ. 16 ಮತ್ತು 15, ಒಟ್ಟು 31 ಭೇಟಿ. 86 ಎನ್ನುವುದು 117 ಆಗುತ್ತದೆ, ಭೇಟಿಗೆ 105 ಎನ್ನುವುದು 77ಕ್ಕೆ ಇಳಿಯುತ್ತದೆ. ಇನ್ನೂ ಮುಖ್ಯವಾದದ್ದು, ಹೆಚ್ಚುವರಿ 2,000ಕ್ಕೆ ಈಗ ಸಿಗುವುದು 15 ಅಲ್ಲ, 46 ಭೇಟಿ. ಒಂದಕ್ಕೆ 43 ರೂಪಾಯಿ. ಬೇಡ ಎನ್ನುತ್ತಿದ್ದ ವರ್ಷದ ಯೋಜನೆ ಈ ಒಂದೇ ಷರತ್ತಿನಿಂದ ಬೇಕು ಎನ್ನುವಂತಾಗುತ್ತದೆ. 9,000ದ ಮೇಲೆ ಐನೂರು ರೂಪಾಯಿ ರಿಯಾಯಿತಿ ಕೊಟ್ಟಿದ್ದರೆ 133 ಎಂಬುದು 100ಕ್ಕೆ ಇಳಿಯುತ್ತಿತ್ತು, ಅಷ್ಟೇ.

ಆದರೆ ಫ್ರೀಜ್ ಇದೆ ಎಂಬ ಒಂದು ಮಾತು ಸಾಲದು. ವರ್ಷಕ್ಕೆ ಒಟ್ಟು ಎಷ್ಟು ದಿನ, ಒಮ್ಮೆಗೆ ಕನಿಷ್ಠ ಎಷ್ಟು ದಿನ, ಎಷ್ಟು ದಿನ ಮೊದಲು ತಿಳಿಸಬೇಕು, ಅದಕ್ಕೆ ಹಣ ಇದೆಯೇ ಎಂದು ಕೇಳಬೇಕು. ವೈದ್ಯರ ಚೀಟಿ ಇದ್ದರೆ ಮಾತ್ರ ಎನ್ನುವವರೂ ಇದ್ದಾರೆ. ಮಳೆಗೆ ವೈದ್ಯರು ಚೀಟಿ ಕೊಡುವುದಿಲ್ಲವಾದ್ದರಿಂದ ಅಂಥ ಫ್ರೀಜ್ ನಮ್ಮ ಲೆಕ್ಕಕ್ಕೆ ಇಲ್ಲದಂತೆಯೇ. ಮೂರು ತಿಂಗಳ ಯೋಜನೆಗೂ ಫ್ರೀಜ್ ಇದೆಯೇ ಎಂದು ಕೇಳಿ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೆ ಅದು ದೊಡ್ಡ ಅನುಕೂಲ.

ಆರನೆಯ ಹಂತ: ಹೇಳಿದ್ದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ

ಹುಡುಗ ಹೋಗಿ ಎರಡು ತಿಂಗಳ ಫ್ರೀಜ್ ಕೇಳಿದ. "ಅದಕ್ಕೇನಂತೆ, ಆಗ ನೋಡಿಕೊಳ್ಳೋಣ" ಎಂಬ ಉತ್ತರ ಬಂತು. ರಸೀದಿಯ ಹಿಂದೆ ಬರೆದುಕೊಡಿ ಎಂದಾಗ, ನಿಯಮದಲ್ಲಿ ಹದಿನೈದೇ ದಿನ ಇರುವುದು ಎಂದರು. ಕೆಟ್ಟ ಉದ್ದೇಶದಿಂದ ಹೇಳಿದ್ದೆಂದು ನಾನು ಭಾವಿಸುವುದಿಲ್ಲ. ಮೇಜಿನ ಹಿಂದೆ ಕುಳಿತ ತರಬೇತುದಾರ ಜೂನಿಗೆ ಅಲ್ಲೇ ಇರುತ್ತಾನೆಂಬ ಖಾತರಿ ಅವನಿಗೇ ಇರುವುದಿಲ್ಲ. ಬರೆಯಲು ಹಿಂಜರಿದ ಮಾತನ್ನು ಲೆಕ್ಕಕ್ಕೆ ಸೇರಿಸಬಾರದು, ಅಷ್ಟನ್ನು ನೆನಪಿಡಿ.

ರಸೀದಿಯಲ್ಲಿ ಕಟ್ಟಿದ ಮೊತ್ತ, ಪ್ರವೇಶ ಶುಲ್ಕ ಎಷ್ಟು ಎಂಬ ಪ್ರತ್ಯೇಕ ಸಾಲು, ಯಾವ ದಿನದಿಂದ ಯಾವ ದಿನದವರೆಗೆ, ಫ್ರೀಜ್ ಎಷ್ಟು ದಿನ, ಇಷ್ಟು ಇರಲಿ. ನಿಯಮಗಳು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾಗಿರುತ್ತವೆ. ಮಲಯಾಳ ಮಾತನಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಂಕೋಚ ಬೇಡ, ಓದಿ ಹೇಳಲು ಕೇಳಿ. ಮನೆಗೆ ಬಂದ ಮೇಲೆ ನೀವು ಅರ್ಥ ಮಾಡಿಕೊಂಡದ್ದನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದು ಜಿಮ್ಮಿನ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳುಹಿಸಿ, ಸರಿಯೇ ಎಂದು ಕೇಳಿ. ಬಂದ ಉತ್ತರವನ್ನು ಅಳಿಸಬೇಡಿ. ಹಣವನ್ನು ಯುಪಿಐ ಮೂಲಕ ಕಟ್ಟುವಾಗ ಜಿಮ್ಮಿನ ಹೆಸರಿನ ಖಾತೆಗೆ ಕಟ್ಟಿ, ತರಬೇತುದಾರನ ಸ್ವಂತ ಖಾತೆಗೆ ಬೇಡ.

ವರ್ಷದ ಹಣ ಮುಂಗಡ ಕೊಡುವುದೆಂದರೆ ಒಂದು ಅರ್ಥದಲ್ಲಿ ಜಿಮ್ಮಿಗೆ ಸಾಲ ಕೊಟ್ಟ ಹಾಗೆ. ತೆರೆದು ಆರು ತಿಂಗಳೂ ಆಗದ ಜಿಮ್ ಉದ್ಘಾಟನೆಯ ಕೊಡುಗೆ ಎಂದು ಅರ್ಧ ಬೆಲೆಗೆ ವರ್ಷದ ಸದಸ್ಯತ್ವ ಕೊಟ್ಟರೂ ಮೂರು ತಿಂಗಳಿಗಿಂತ ಹೆಚ್ಚಿನ ಹಣ ಕಟ್ಟಬೇಡಿ ಎನ್ನುವುದು ನನ್ನ ಸಲಹೆ. ಹಳೆಯ ಜಿಮ್ ಆದರೆ ಒಂದು ದಿನ ಸಂಜೆ ಏಳು ಗಂಟೆಯ ಹೊತ್ತಿಗೆ ಹೋಗಿ ನಿಂತು ನೋಡಿ. ಟ್ರೆಡ್‌ಮಿಲ್ ಮೇಲೆ ಕೆಟ್ಟಿದೆ ಎಂಬ ಚೀಟಿ ಹಳದಿಗಟ್ಟುವಷ್ಟು ದಿನದಿಂದ ಅಂಟಿಕೊಂಡಿದ್ದರೆ, ಕೇಬಲ್ ಯಂತ್ರದ ತಂತಿ ಎಳೆ ಬಿಚ್ಚಿಕೊಂಡಿದ್ದರೆ, ಇದ್ದ ಒಂದು ಬೆಂಚಿಗೆ ಐದು ಜನ ಕಾಯುತ್ತಿದ್ದರೆ ಅಲ್ಲಿಗೆ ಹೋಗುವ ದಿನಗಳು ನಿಮ್ಮ ಪೆನ್ಸಿಲ್ ಲೆಕ್ಕಕ್ಕಿಂತ ಕಡಿಮೆಯಾಗುತ್ತವೆ. ಮಹಿಳೆಯರು ತಮಗೆ ಮೀಸಲಾದ ಹೊತ್ತು ಯಾವುದು, ಅದು ವಾರಕ್ಕೆ ಎಷ್ಟು ದಿನ ಎಂಬುದನ್ನು ನೋಡಿಕೊಂಡೇ ಕ್ಯಾಲೆಂಡರ್ ತುಂಬಬೇಕು. ಆ ಹೊತ್ತು ನಿಮ್ಮ ಕೆಲಸದ ಹೊತ್ತಿಗೆ ಹೊಂದದಿದ್ದರೆ ಯಾವ ಯೋಜನೆಯೂ ಅಗ್ಗವಲ್ಲ.

ಹಣ ಪಡೆದ ಮೇಲೆ ಜಿಮ್ ಮುಚ್ಚಿದರೆ ಅಥವಾ ಹೇಳಿದ ಸೇವೆ ಕೊಡದಿದ್ದರೆ, ಮೊದಲು ಉಳಿದ ಅವಧಿಯ ಹಣವನ್ನು ಲಿಖಿತವಾಗಿ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ರಸೀದಿ ಕೊಡದಿರುವುದೂ, ಕೊರತೆಯ ಸೇವೆಗೆ ಪಡೆದ ಹಣವನ್ನು ಹಿಂದಿರುಗಿಸದಿರುವುದೂ ಅನುಚಿತ ವ್ಯಾಪಾರ ಪದ್ಧತಿಯ ವ್ಯಾಪ್ತಿಗೆ ಬರುತ್ತವೆ. ಹಿಂದಿರುಗಿಸಲು ರಸೀದಿಯಲ್ಲಿ ಅವಧಿ ನಮೂದಿಸಿಲ್ಲದಿದ್ದರೆ ಕಾಯ್ದೆ ಹೇಳುವುದು ಮೂವತ್ತು ದಿನ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. ಕೊನೆಯ ದಾರಿ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ಮೊತ್ತಕ್ಕೆ ದೂರಿನ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ನಿಮಗೆ ಮನಸ್ಸಾಗದೆ ನಿಲ್ಲಿಸಿದ್ದಕ್ಕೆ ಮಾತ್ರ ಇದಾವುದೂ ಅನ್ವಯಿಸುವುದಿಲ್ಲ.

ಏಳನೆಯ ಹಂತ: ಮೊದಲ ಮೂರು ತಿಂಗಳಿನ ಹಾಜರಿಯಿಂದ ಮುಂದಿನದನ್ನು ನಿರ್ಧರಿಸಿ

ಹದಿನೈದೇ ದಿನದ ಫ್ರೀಜ್ ಎಂದಾದ ಮೇಲೆ ಅಳಿಯ ಮೂರು ತಿಂಗಳ ಯೋಜನೆಗೆ ಸೇರಿದ. ಸೇರುವಾಗ ಒಂದು ಮಾತು ಬರೆಸಿಕೊಂಡ. ಅವಧಿ ಮುಗಿಯುವ ಮುನ್ನ ವರ್ಷಕ್ಕೆ ಬದಲಿಸಿದರೆ ಕಟ್ಟಿದ 4,000ವನ್ನು 9,000ದಲ್ಲಿ ಕಳೆದು 5,000 ಕಟ್ಟಿದರೆ ಸಾಕು, ವರ್ಷದ ಲೆಕ್ಕ ಸೇರಿದ ದಿನದಿಂದಲೇ. ಈ ಮಾತನ್ನು ಹಲವು ಜಿಮ್‌ಗಳು ಒಪ್ಪುತ್ತವೆ, ಏಕೆಂದರೆ ಅವರಿಗೂ ವರ್ಷದ ಸದಸ್ಯರೇ ಬೇಕು. ಒಪ್ಪಿದರೆ ನಿಮಗೆ ಮೂರು ತಿಂಗಳ ಪರೀಕ್ಷೆ ಖರ್ಚಿಲ್ಲದೆ ಸಿಕ್ಕ ಹಾಗಾಯಿತು. ಸೇರುವಾಗ ಕೇಳದೆ ಮೂರನೆಯ ತಿಂಗಳಿನಲ್ಲಿ ಕೇಳಿದರೆ ಸಿಗುವ ಖಾತರಿ ಇಲ್ಲ.

ಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಸಂಖ್ಯೆಯ ಪಕ್ಕದಲ್ಲೇ ಹೋದ ದಿನಗಳಿಗೆ ಪೆನ್ನಿನಿಂದ ಗುರುತು ಹಾಕುತ್ತಾ ಬನ್ನಿ. ಮೂರು ತಿಂಗಳಿಗೆ ಅವನ ಅಂದಾಜು 43 ಇತ್ತು, ಹೋದದ್ದು 38. ಅಂದಾಜಿನ ಹತ್ತಿರವೇ ಇದೆ, ಸ್ವಲ್ಪ ಕಡಿಮೆ. ಹಾಗಾಗಿ ಮಾರ್ಚಿನಿಂದ ಮುಂದಿನ 15 ಕೂಡ 13ರ ಆಸುಪಾಸಿಗೆ ಇಳಿಯುತ್ತದೆಂದು ಹಿಡಿದುಕೊಂಡು ವರ್ಷಕ್ಕೆ ಬದಲಿಸದೆ ಇನ್ನೊಂದು ಮೂರು ತಿಂಗಳ ಕಂತು ಕಟ್ಟಿದ. ಅಂದಾಜನ್ನು ಮೀರಿ 50 ದಾಟಿದ್ದರೆ ನಾನೇ ಅವನಿಗೆ ವರ್ಷಕ್ಕೆ ಬದಲಿಸಲು ಹೇಳುತ್ತಿದ್ದೆ.

ಎರಡನೆಯ ಕಂತಿನ ಕೊನೆಯ ವಾರದಲ್ಲಿ ಇನ್ನೊಂದು ಪ್ರಶ್ನೆ ಕೇಳುವುದಿದೆ. ಹಳೆಯ ಸದಸ್ಯರಿಗೆ ವರ್ಷದ ನವೀಕರಣದ ದರ ಎಷ್ಟು? ಮಳೆಗಾಲಕ್ಕೆ ಮುನ್ನ ಜಿಮ್ ಖಾಲಿಯಾಗುವ ಹೊತ್ತಿನಲ್ಲಿ ಈ ದರ ಇಳಿಯುವುದುಂಟು. ಮುಂದಿನ ಸೆಪ್ಟೆಂಬರಿಗೆ ಹೊಸದಾಗಿ ಸೇರಿದರೆ ಅವನಿಗೆ ಎರಡು ಕಂತಿಗೆ 7,000 ಹೇಗೂ ತಗಲುತ್ತದೆ. ನವೀಕರಣವನ್ನು 7,500ಕ್ಕೆ ಕೊಟ್ಟು, ವರ್ಷವನ್ನು ಸೆಪ್ಟೆಂಬರಿನಿಂದ ಎಣಿಸಲು ಒಪ್ಪಿದರೆ ವ್ಯತ್ಯಾಸ 500 ಮಾತ್ರ, ಅದಕ್ಕೆ 13 ಹೆಚ್ಚುವರಿ ಭೇಟಿ, ಒಂದಕ್ಕೆ 38 ರೂಪಾಯಿ. ಆಗ ತೆಗೆದುಕೊಳ್ಳಬಹುದು. ಮಾರ್ಚ್ ಒಂದರಿಂದಲೇ ಎಣಿಸುತ್ತೇವೆ ಎಂದರೆ ಮೊದಲ ಆರು ತಿಂಗಳು ಖಾಲಿ ಹೋಗುವುದರಿಂದ ಸೆಪ್ಟೆಂಬರಿನವರೆಗೆ ಕಾಯುವುದೇ ಸರಿ.